ಜಿಗಿತದ ಬುಡ ಹುಡುಕುವವರು

ಬೆಲೆ ಹಲವು ಸಲ ಇಳಿದು ಹಿಂದಿರುಗಿದ ಮಟ್ಟಕ್ಕೆ ಗೆರೆ ಎಳೆದರೆ ಅದು ಸಪೋರ್ಟ್. ಏರಿ ಹಿಂದಿರುಗಿದ ಮಟ್ಟಕ್ಕೆ ಎಳೆದರೆ ರೆಸಿಸ್ಟೆನ್ಸ್. ಡಿಮ್ಯಾಂಡ್ ವಲಯಕ್ಕೆ ಹಲವು ಸಲ ಬೇಕಿಲ್ಲ, ಒಂದೇ ರಭಸದ ಜಿಗಿತ ಸಾಕು.

ಒಂದು ಷೇರು ಮೂರು ದಿನ 412ರಿಂದ 418 ರೂಪಾಯಿಯೊಳಗೆ ಸಣ್ಣ ಕ್ಯಾಂಡಲ್‌ಗಳಲ್ಲೇ ಹೊರಳಾಡಿತು ಎನ್ನಿ. ನಾಲ್ಕನೇ ದಿನ ಒಂದೇ ಉದ್ದನೆಯ ಹಸಿರು ಕ್ಯಾಂಡಲ್‌ನಲ್ಲಿ 436 ಮುಟ್ಟಿತು. ಆ ಮೂರು ದಿನಗಳೇ ಬುಡ. ಸಣ್ಣ ಕ್ಯಾಂಡಲ್‌ಗಳ ಒಡಲು 417ರವರೆಗಿದ್ದರೆ ಅದು ವಲಯದ ಮೇಲಂಚು. ಅತಿ ಕೆಳಗಿನ ಬಾಲ, ಅಂದರೆ 412, ಕೆಳಂಚು. ಬೆಲೆ ಮೊದಲ ಸಲ 417ಕ್ಕೆ ಮರಳಿದಾಗ ಕೊಳ್ಳುವುದು, 410ಕ್ಕೆ ಸ್ಟಾಪ್‌ಲಾಸ್ ಇಡುವುದು ರೂಢಿ. ಸಪ್ಲೈ ವಲಯ ಇದರ ತಲೆಕೆಳಗು.

ಮುಟ್ಟಿದಷ್ಟೂ ಸಪೋರ್ಟ್ ಗಟ್ಟಿ ಎಂಬುದು ಹಳೆಯ ನಂಬಿಕೆ. ವಲಯದವರ ಪ್ರಕಾರ ಮುಟ್ಟಿದಷ್ಟೂ ಸಡಿಲ: ಪ್ರತಿ ಭೇಟಿಯಲ್ಲೂ ಕಾದಿದ್ದ ಖರೀದಿ ಖರ್ಚಾಗುತ್ತದೆ. ದೊಡ್ಡ ಸಂಸ್ಥೆಗಳ ಆರ್ಡರ್‌ಗಳು ಅಲ್ಲೇ ಉಳಿದಿರುತ್ತವೆ ಎಂದೂ ಅವರು ಹೇಳುತ್ತಾರೆ. ಇದನ್ನು ಅಕ್ಷರಶಃ ನಂಬಬೇಡಿ. ನಮ್ಮ ಎನ್‌ಎಸ್‌ಇಯಲ್ಲಿ ಪೂರೈಸದ ದಿನದ ಆರ್ಡರ್‌ಗಳು ಸಂಜೆಗೇ ರದ್ದಾಗುತ್ತವೆ. ಅದೇ ಕೊಳ್ಳುವವ ಮರಳಿ ಬಂದಾನೆಂಬುದು ಊಹೆ ಮಾತ್ರ; ದಿನದ ಕ್ಯಾಂಡಲ್ 412ರ ಕೆಳಗೆ ಮುಗಿದರೆ ಆತ ಬರಲಿಲ್ಲ, ವಲಯವನ್ನು ಅಳಿಸಬಹುದು.