ಗ್ಲೌಸಿಗಿಲ್ಲ, ಸರಿ, ಹೊಲಿಗೆ ದಾರಕ್ಕೂ ಇಲ್ಲವೇ?

ನಮ್ಮ ಪಕ್ಕದ ಮನೆಯ ಮೇಷ್ಟ್ರಿಗೆ ಪಿತ್ತಕೋಶದಲ್ಲಿ ಕಲ್ಲಾಗಿ ಲ್ಯಾಪರೋಸ್ಕೋಪಿ ಆಪರೇಷನ್ ಮಾಡಬೇಕಾಯಿತು. ಕ್ಯಾಶ್‌ಲೆಸ್ ಮಂಜೂರಾಗಿದೆ ಎಂದು ಮನೆಯವರು ನಿರಾಳವಾಗಿದ್ದರು. ಡಿಸ್ಚಾರ್ಜ್ ದಿನ ಬಿಲ್ಲಿಂಗ್ ಕೌಂಟರಿನವರು ಮಗಳನ್ನು ಕರೆದು, "ಮೇಡಂ, 21,400 ಕಟ್ಟಿಬಿಡಿ, ಇನ್ಶೂರೆನ್ಸ್‌ನವರು ಅಷ್ಟು ಕೊಟ್ಟಿಲ್ಲ" ಎಂದರು. ಹೊಟ್ಟೆಗೆ ಪ್ಲಾಸ್ಟರ್ ಹಚ್ಚಿಕೊಂಡ ಅಪ್ಪ ವೀಲ್‌ಚೇರಿನಲ್ಲಿ ಕಾಯುತ್ತಿರುವಾಗ ಯಾರು ತಾನೇ ಜಗಳಕ್ಕೆ ನಿಲ್ಲುತ್ತಾರೆ? ಕಟ್ಟಿ ಬಂದಳು.

ಒಟ್ಟು ಬಿಲ್ 1,46,300. ಕಂಪನಿ ಕೊಟ್ಟದ್ದು 1,24,900. ಉಳಿದದ್ದಕ್ಕೆ ಸೆಟಲ್‌ಮೆಂಟ್ ಪತ್ರದಲ್ಲಿ ಇದ್ದ ವಿವರಣೆ ಒಂದೇ ಸಾಲಿನದು: "ಕನ್ಸ್ಯೂಮಬಲ್ಸ್ ಮತ್ತು ನಾನ್-ಮೆಡಿಕಲ್ ಐಟಂಗಳು, ಪಾಲಿಸಿ ನಿಯಮದಂತೆ ಕೊಡಲಾಗದು." ಮಗಳು ಆ ಹಾಳೆ ಹಿಡಿದು ನಮ್ಮ ಮನೆಗೆ ಬಂದಳು. "ಅಂಕಲ್, ಇಷ್ಟೂ ದುಡ್ಡು ಹೋದಂತೆಯೇ ಅಲ್ವಾ?"

ಹಾಗೇನೂ ಇಲ್ಲ. ಈ ಕಡಿತದಲ್ಲಿ ಸರಿಯಾದದ್ದೂ ಇರುತ್ತದೆ, ತಪ್ಪಾದದ್ದೂ ಇರುತ್ತದೆ. ಎರಡನ್ನೂ ಒಂದೇ ಹೆಸರಿನ ಮೂಟೆಯಲ್ಲಿ ಕಟ್ಟಿರುವುದರಿಂದ ನಮಗೆ ಕಾಣುವುದಿಲ್ಲ, ಅಷ್ಟೆ. ಕಂಪನಿಗೆ ಬರೆಯುವ ಇಮೇಲಿನ ಮೊದಲ ಕೆಲಸವೇ ಆ ಮೂಟೆ ಬಿಚ್ಚಿಸುವುದು. ಹಾಗೆ ಬಿಚ್ಚಿ ತೋರಿಸಿ ಎಂದು ಕೇಳುವುದು ನಮ್ಮ ಹಕ್ಕು. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರ ಮೇ 29ರಂದು ಹೊರಡಿಸಿದ ಆರೋಗ್ಯ ವಿಮೆಯ ಮಾಸ್ಟರ್ ಸರ್ಕ್ಯುಲರ್ ಪ್ರಕಾರ, ಕ್ಲೇಮನ್ನು ಪೂರ್ತಿ ತಿರಸ್ಕರಿಸಿದರೂ, ಭಾಗಶಃ ಕಡಿತ ಮಾಡಿದರೂ, ಪಾಲಿಸಿಯ ಯಾವ ನಿಯಮದ ಮೇಲೆ ಹಾಗೆ ಮಾಡಿದ್ದೇವೆಂದು ಕಂಪನಿ ವಿವರವಾಗಿ ತಿಳಿಸಬೇಕು. "ಪಾಲಿಸಿ ನಿಯಮದಂತೆ" ಎಂಬ ಎರಡು ಪದ ವಿವರವಲ್ಲ.

ಇನ್ನು ನಿಯಮದ ಕಡೆಗೆ ಬರೋಣ. ಏಜೆಂಟ್ ಕೊಡುವ ಎರಡು-ಮೂರು ಪುಟದ ಪಾಲಿಸಿ ಪತ್ರದಲ್ಲಿ ಇದು ಸಿಗದು. ಅದರ ಜೊತೆಗಿನ ದಪ್ಪ ದಾಖಲೆ, 'ಪಾಲಿಸಿ ವರ್ಡಿಂಗ್ಸ್' ಎನ್ನುತ್ತಾರಲ್ಲ, ಅದರ ಕೊನೆಯ ಪುಟಗಳನ್ನು ನೋಡಬೇಕು. ಅಲ್ಲಿ ಸಾಮಾನ್ಯವಾಗಿ ನಾಲ್ಕು ಪಟ್ಟಿಗಳಿರುತ್ತವೆ. ಮೊದಲನೆಯ ಪಟ್ಟಿಯಲ್ಲಿ 68 ವಸ್ತುಗಳು. ಇವಕ್ಕೆ ಪಾಲಿಸಿ ಹಣ ಕೊಡುವುದಿಲ್ಲ. ಗ್ಲೌಸ್, ಮಾಸ್ಕ್, ಡೈಪರ್, ಕ್ರೇಪ್ ಬ್ಯಾಂಡೇಜ್, ಇಸಿಜಿ ಎಲೆಕ್ಟ್ರೋಡ್, ನೆಬ್ಯುಲೈಸರ್ ಕಿಟ್, ಕುತ್ತಿಗೆ ಪಟ್ಟಿ ಎಲ್ಲ ಇಲ್ಲಿವೆ. ಕನ್ಸ್ಯೂಮಬಲ್ಸ್‌ಗೆಂದೇ ಹೆಚ್ಚುವರಿ ಪ್ರೀಮಿಯಂ ಕಟ್ಟಿ ರೈಡರ್ ತೆಗೆದುಕೊಂಡಿದ್ದರೆ ಮಾತ್ರ ಇವು ಸಿಗುತ್ತವೆ. ಮೇಷ್ಟ್ರ ಹತ್ತಿರ ಆ ರೈಡರ್ ಇರಲಿಲ್ಲ.

ಉಳಿದ ಮೂರು ಪಟ್ಟಿಗಳ ಸಂಗತಿಯೇ ಬೇರೆ, ಜನ ಎಡವುವುದೂ ಇಲ್ಲೇ. ಎರಡನೆಯದರ 37 ವಸ್ತುಗಳು ರೂಮಿನ ಬಾಡಿಗೆಯೊಳಗೇ ಸೇರಿದವು: ಹೌಸ್‌ಕೀಪಿಂಗ್, ಫೈಲ್ ತೆರೆಯುವ ಶುಲ್ಕ, ಕೈಗೆ ಕಟ್ಟುವ ಹೆಸರಿನ ಪಟ್ಟಿ, ಅಡ್ಮಿಷನ್ ಕಿಟ್. ಮೂರನೆಯದರ 23 ವಸ್ತುಗಳು ಆಪರೇಷನ್ ಖರ್ಚಿನೊಳಗೆ ಸೇರಿದವು: ಹತ್ತಿ, ಗಾಜ್, ಟೇಪ್, ಹಾರ್ಮೋನಿಕ್ ಸ್ಕಾಲ್ಪೆಲ್. ನಾಲ್ಕನೆಯದರ 18, ಚಿಕಿತ್ಸೆಯ ಖರ್ಚಿನೊಳಗೆ: ರಿಜಿಸ್ಟ್ರೇಷನ್ ಶುಲ್ಕ, ಸ್ಪಿರಿಟ್, ಯೂರಿನ್ ಬ್ಯಾಗ್. ಒಳಗೆ ಸೇರಿದೆ ಎಂದರೆ ಆಸ್ಪತ್ರೆ ಅದನ್ನು ಬೇರೆ ಸಾಲಾಗಿ ಬಿಲ್ಲಿಗೆ ಹಾಕುವ ಅಗತ್ಯವೇ ಇಲ್ಲ ಎಂದರ್ಥ. ಹಾಕಿದರೆ ಕಂಪನಿ ಕಡಿಯುತ್ತದೆ, ಕಡಿದದ್ದು ರೋಗಿಯ ತಲೆಗೆ ಬರುತ್ತದೆ. ಅಂದರೆ ಮೊದಲ ಪಟ್ಟಿಯ ವಸ್ತು ನಮ್ಮ ಜೇಬಿನದು. ಉಳಿದ ಮೂರರ ವಸ್ತುವಿಗೆ ಕಂಪನಿ ಮತ್ತು ಆಸ್ಪತ್ರೆ ಇಬ್ಬರೂ ಉತ್ತರ ಕೊಡಬೇಕು. ನಾಲ್ಕರಲ್ಲಿ ಎಲ್ಲೂ ಇಲ್ಲದ ವಸ್ತುವನ್ನು ಕಡಿಯಲು ಪಾಲಿಸಿಯ ಬೇರೆ ಯಾವ ಷರತ್ತು ಆಧಾರ ಎಂದು ಕಂಪನಿಯೇ ತೋರಿಸಬೇಕು.

ಇಷ್ಟು ತಿಳಿದ ಮೇಲೆ ನಾವಿಬ್ಬರೂ ಊಟದ ಮೇಜಿನ ಮೇಲೆ ಮೂರು ಕಾಗದ ಹರಡಿಕೊಂಡೆವು: ಕಂಪನಿಯ ಕಡಿತದ ಹಾಳೆ, ಆಸ್ಪತ್ರೆಯ ಅಂತಿಮ ಬಿಲ್, ಮೆಡಿಕಲ್ ಸ್ಟೋರಿನ ಐಟಂವಾರು ಬಿಲ್. ಮೂರನೆಯದನ್ನು ಆಸ್ಪತ್ರೆ ತಾನಾಗಿ ಕೊಟ್ಟಿರಲಿಲ್ಲ. ಮರುದಿನ ಹೋಗಿ ಕೇಳಿ ತರಬೇಕಾಯಿತು. ಅದಿಲ್ಲದೆ ಏನೂ ಆಗದು, ಏಕೆಂದರೆ ಅಂತಿಮ ಬಿಲ್ಲಿನಲ್ಲಿ "ಫಾರ್ಮಸಿ" ಎಂದು ಒಂದೇ ಮೊತ್ತ ಇರುತ್ತದೆ. ಪೆನ್ಸಿಲ್ ಹಿಡಿದು ಒಂದೊಂದು ಸಾಲಿನ ಪಕ್ಕ 1, 2, 3, 4 ಎಂದು ಪಟ್ಟಿಯ ಸಂಖ್ಯೆ ಬರೆಯುತ್ತ ಹೋದೆವು. ಎಲ್ಲೂ ಸಿಗದ್ದಕ್ಕೆ ಸೊನ್ನೆ.

ಒಂದೂವರೆ ಗಂಟೆಯ ಮೇಲೆ ಲೆಕ್ಕ ಹೀಗೆ ನಿಂತಿತು. ಗ್ಲೌಸ್, ಮಾಸ್ಕ್, ಎಲೆಕ್ಟ್ರೋಡ್ ಇತ್ಯಾದಿ ಮೊದಲ ಪಟ್ಟಿಯವು 4,150. "ಓಟಿ ಕಿಟ್" ಎಂಬ ಒಂದೇ ಸಾಲು 3,000. ರಿಜಿಸ್ಟ್ರೇಷನ್, ಫೈಲ್, ಹೌಸ್‌ಕೀಪಿಂಗ್ ಸೇರಿ 2,700. ಗಾಜ್, ಟೇಪ್, ಹಾರ್ಮೋನಿಕ್ ಬಳಕೆಯ ಶುಲ್ಕ 5,200. ಸೊನ್ನೆ ಬಿದ್ದ ಸಾಲುಗಳ ಮೊತ್ತ 6,350: ಟೈಟಾನಿಯಂ ಕ್ಲಿಪ್ 2,450, ಹೊಲಿಗೆ ದಾರ 1,700, ಸಿರಿಂಜ್ ಮತ್ತು ಡ್ರಿಪ್ ಸೆಟ್ 2,200.

ಕ್ಲಿಪ್ ನೋಡಿ ನನಗೆ ನಿಜಕ್ಕೂ ಸಿಟ್ಟು ಬಂತು. ಪಿತ್ತಕೋಶ ಕತ್ತರಿಸುವ ಮೊದಲು ಅದರ ನಾಳವನ್ನೂ ರಕ್ತನಾಳವನ್ನೂ ಮುಚ್ಚಲು ಹಾಕುವ ಪುಟ್ಟ ಲೋಹದ ಕ್ಲಿಪ್ಪುಗಳವು. ಮೇಷ್ಟ್ರ ಹೊಟ್ಟೆಯಲ್ಲಿ ಜೀವಮಾನವಿಡೀ ಇರುತ್ತವೆ. ಅವನ್ನೂ ಗ್ಲೌಸಿನ ಸಾಲಿಗೆ ಸೇರಿಸಿದ್ದರು.

ಓಟಿ ಕಿಟ್‌ನದು ಇನ್ನೊಂದು ಬಗೆ. ಒಳಗೇನಿದೆ ಎಂದು ಬರೆಯದ ಯಾವುದೇ ಕಿಟ್ ಮೊದಲ ಪಟ್ಟಿಗೆ ಸೇರುತ್ತದೆ ಎಂಬ ಸಾಲು ಅಲ್ಲಿಯೇ ಇದೆ. ಹಾಗಾಗಿ ಕಂಪನಿ ಕಡಿದದ್ದು ತಪ್ಪಲ್ಲ. ಆದರೆ ಆಸ್ಪತ್ರೆ ಆ ಕಿಟ್ ಬಿಡಿಸಿ, ವಸ್ತು ಮತ್ತು ಬೆಲೆ ಬರೆದು, ಸೀಲು ಹಾಕಿಕೊಟ್ಟರೆ ಕೊಡಬೇಕಾದ ಭಾಗವನ್ನು ಕೇಳಬಹುದು. ಮಗಳು ಆ ಪತ್ರ ತಂದಳು. ಜೊತೆಗೆ ಸರ್ಜನ್ ಹತ್ತಿರ ಎರಡು ಸಾಲು ಬರೆಸಿಕೊಂಡಳು: ಕ್ಲಿಪ್ ಮತ್ತು ಹೊಲಿಗೆ ದಾರ ಈ ಶಸ್ತ್ರಚಿಕಿತ್ಸೆಗೆ ಅನಿವಾರ್ಯವಾಗಿದ್ದವು, ಇಷ್ಟು ಸಂಖ್ಯೆಯಲ್ಲಿ ಬಳಸಲಾಯಿತು ಎಂದು.

ಆಮೇಲೆ ಇಮೇಲ್. ಕ್ಲೇಮ್ ನೋಡಿಕೊಂಡದ್ದು ಟಿಪಿಎ ಎಂಬ ಮಧ್ಯವರ್ತಿ ಸಂಸ್ಥೆಯಾದರೂ ಹೊಣೆ ವಿಮಾ ಕಂಪನಿಯದೇ. ಅದಕ್ಕೇ ಕಂಪನಿಯ ದೂರು ವಿಭಾಗದ ವಿಳಾಸಕ್ಕೆ ಬರೆದು, ಟಿಪಿಎಗೆ ಪ್ರತಿ ಹಾಕಿದೆವು. ವಿಷಯದ ಸಾಲಿನಲ್ಲಿ ಪಾಲಿಸಿ ಸಂಖ್ಯೆ, ಕ್ಲೇಮ್ ಸಂಖ್ಯೆ, "21,400 ರೂ. ಕಡಿತ, ಮರುಪರಿಶೀಲನೆಗೆ ಮನವಿ". ಮಗಳು ಮೊದಲು ಬರೆದ ಕರಡಿನಲ್ಲಿ ಅಪ್ಪ ಪಟ್ಟ ಕಷ್ಟ, ಕಂಪನಿಯ ಅನ್ಯಾಯ ಎಲ್ಲ ಇತ್ತು. ಅದು ಸುಳ್ಳಲ್ಲ, ಆದರೆ ಓದುವ ಅಧಿಕಾರಿ ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. ತೆಗೆದೆವು. ಉಳಿದದ್ದು ಹೀಗಿತ್ತು:

"ಮಾನ್ಯರೇ, ನನ್ನ ತಂದೆಯವರ ಮೇಲ್ಕಂಡ ಕ್ಲೇಮಿನಲ್ಲಿ 21,400 ರೂಪಾಯಿ ಕಡಿತವಾಗಿದೆ. ಪ್ರತಿಯೊಂದು ವಸ್ತುವಿಗೂ ಪಾಲಿಸಿಯ ಯಾವ ಷರತ್ತು, ಯಾವ ಪಟ್ಟಿಯ ಎಷ್ಟನೆಯ ಸಂಖ್ಯೆ ಆಧಾರ ಎಂದು ತಿಳಿಸಿ. ಮೊದಲ ಪಟ್ಟಿಗೆ ಸೇರಿದ 4,150 ರೂಪಾಯಿಯ ಬಗ್ಗೆ ನಮ್ಮ ತಕರಾರಿಲ್ಲ.

"ಕ್ಲಿಪ್, ಹೊಲಿಗೆ ದಾರ, ಸಿರಿಂಜ್, ಡ್ರಿಪ್ ಸೆಟ್ ಸೇರಿ 6,350 ರೂಪಾಯಿಯ ವಸ್ತುಗಳು ನಾಲ್ಕು ಪಟ್ಟಿಗಳಲ್ಲಿ ಎಲ್ಲೂ ಇಲ್ಲ. ಒಳರೋಗಿ ಚಿಕಿತ್ಸೆಯ ಷರತ್ತಿನಲ್ಲಿ ಶಸ್ತ್ರಚಿಕಿತ್ಸಾ ಸಾಧನ ಮತ್ತು ಔಷಧಿಗಳಿಗೆ ರಕ್ಷಣೆ ಇದೆ. ಈ ಮೊತ್ತ ಪಾವತಿಸಿ. ಕಿಟ್‌ನ ವಿವರ ಈಗ ಲಗತ್ತಿಸಿದೆ, ಅದರಲ್ಲಿ ಸಲ್ಲುವ ಭಾಗವನ್ನೂ ಪರಿಗಣಿಸಿ.

"ಉಳಿದ 7,900 ರೂಪಾಯಿ ರೂಮು, ಆಪರೇಷನ್ ಮತ್ತು ಚಿಕಿತ್ಸೆಯ ದರದೊಳಗೆ ಸೇರಿದ್ದೆಂದು ಪಟ್ಟಿ ಹೇಳುತ್ತದೆ. ಇದು ನಿಮ್ಮ ನೆಟ್‌ವರ್ಕ್ ಆಸ್ಪತ್ರೆ. ನಿಮ್ಮ ಒಪ್ಪಂದದ ದರದಲ್ಲಿ ಇವು ಸೇರಿವೆಯೇ? ಸೇರಿದ್ದರೆ ನಮ್ಮಿಂದ ವಸೂಲು ಮಾಡಿದ್ದನ್ನು ಹಿಂದಿರುಗಿಸಲು ಆಸ್ಪತ್ರೆಗೆ ತಿಳಿಸಿ. ಸೇರಿಲ್ಲದಿದ್ದರೆ ಯಾವ ಆಧಾರದ ಮೇಲೆ ಕಡಿದಿರಿ, ತಿಳಿಸಿ."

ಲಗತ್ತು: ಸೆಟಲ್‌ಮೆಂಟ್ ಪತ್ರ, ಎರಡೂ ಬಿಲ್, ಡಿಸ್ಚಾರ್ಜ್ ಸಾರಾಂಶ, ಸರ್ಜನ್ ಪತ್ರ, ಕಿಟ್ ವಿವರ, ನಾವು ಪೆನ್ಸಿಲಿನಲ್ಲಿ ಮಾಡಿದ ಪಟ್ಟಿಯ ಟೈಪು ಪ್ರತಿ.

4,150 ಬಿಟ್ಟುಕೊಟ್ಟದ್ದು ಮಗಳಿಗೆ ಮೊದಲು ಒಪ್ಪಿಗೆಯಾಗಲಿಲ್ಲ. ಆದರೆ ಎಲ್ಲವನ್ನೂ ಕೇಳಿದರೆ ಕಂಪನಿ ಗ್ಲೌಸನ್ನು ತೋರಿಸಿಯೇ ಇಡೀ ಮನವಿಯನ್ನು ಮುಚ್ಚಿಬಿಡಬಹುದು. ಸಲ್ಲದ್ದನ್ನು ನಾವೇ ಬದಿಗಿಟ್ಟರೆ ಸಲ್ಲುವುದರ ಬಗ್ಗೆ ಮಾತ್ರ ಉತ್ತರ ಬರೆಯಬೇಕಾಗುತ್ತದೆ.

ಮೇಷ್ಟ್ರ ವಿಷಯದಲ್ಲಿ ಏಳದ ಒಂದು ಪ್ರಶ್ನೆಯನ್ನೂ ಇಲ್ಲಿ ಹೇಳಬೇಕು. ಪಾಲಿಸಿಯ ಮಿತಿಗಿಂತ ದುಬಾರಿ ರೂಮು ತೆಗೆದುಕೊಂಡರೆ ಅದೇ ಪ್ರಮಾಣದಲ್ಲಿ ಬಿಲ್ಲಿನ ಇತರ ಖರ್ಚನ್ನೂ ಇಳಿಸುವ ಷರತ್ತು ಹಲವು ಪಾಲಿಸಿಗಳಲ್ಲಿದೆ. ಆದರೆ 2020ರ ಐಆರ್‌ಡಿಎಐ ನಿರ್ದೇಶನದಂತೆ ಔಷಧಿ, ಕನ್ಸ್ಯೂಮಬಲ್ಸ್, ಇಂಪ್ಲಾಂಟ್ ಮತ್ತು ಪರೀಕ್ಷೆಗಳ ಖರ್ಚಿಗೆ ಈ ಪ್ರಮಾಣದ ಕಡಿತ ತಗಲುವುದಿಲ್ಲ. ನಿಮ್ಮ ಹಾಳೆಯಲ್ಲಿ ಔಷಧಿ ಬಿಲ್ಲೂ ರೂಮಿನ ಲೆಕ್ಕದಲ್ಲೇ ಇಳಿದಿದ್ದರೆ ಅದನ್ನೂ ಇಮೇಲಿನಲ್ಲಿ ಬರೆಯಿರಿ.

ಹನ್ನೊಂದನೆಯ ದಿನ ಉತ್ತರ ಬಂತು. 6,350 ಪೂರ್ತಿ ಒಪ್ಪಿದ್ದರು, ಕಿಟ್‌ನಲ್ಲಿ 1,250. ಒಟ್ಟು 7,600 ಮೇಷ್ಟ್ರ ಖಾತೆಗೆ ಬಂತು. ರಿಜಿಸ್ಟ್ರೇಷನ್, ಫೈಲ್ ಮುಂತಾದ 2,700ನ್ನು ಆಸ್ಪತ್ರೆ ಪ್ರತ್ಯೇಕವಾಗಿ ವಸೂಲು ಮಾಡುವಂತಿರಲಿಲ್ಲ ಎಂದು ಬರೆದಿದ್ದರು. ಆ ಪತ್ರವನ್ನು ಬಿಲ್ಲಿಂಗ್ ಮ್ಯಾನೇಜರ್ ಮುಂದೆ ಇಟ್ಟಾಗ ಅವರು ಹೆಚ್ಚು ಮಾತಾಡದೆ ಹಿಂದಿರುಗಿಸಿದರು. ಹಾರ್ಮೋನಿಕ್ ಸೇರಿದ 5,200ಕ್ಕೆ ಮಾತ್ರ "ಆಪರೇಷನ್ ಖರ್ಚಿನಲ್ಲಿ ಸೇರಿದೆ" ಎಂದು ಮತ್ತೆ ಅದೇ ಸಾಲು. ಒಪ್ಪಂದದ ದರದ ಪ್ರಶ್ನೆಗೆ ಉತ್ತರವಿರಲಿಲ್ಲ.

ಇಂಥ ಉತ್ತರ ಬಂದರೆ, ಅಥವಾ ಕಂಪನಿ ಎರಡು ವಾರ ಸುಮ್ಮನಿದ್ದರೆ, ಐಆರ್‌ಡಿಎಐನ 'ಬಿಮಾ ಭರೋಸಾ' ಜಾಲತಾಣದಲ್ಲಿ ದೂರು ದಾಖಲಿಸಬಹುದು. ಅದರ ಮುಂದಿನ ಮೆಟ್ಟಿಲು ವಿಮಾ ಓಂಬುಡ್ಸ್‌ಮನ್. ಕರ್ನಾಟಕಕ್ಕೆ ಸೇರಿದ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧ ಕಟ್ಟಡದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಮೊದಲು ಕಂಪನಿಗೆ ಲಿಖಿತವಾಗಿ ಬರೆದಿರಬೇಕು. ಅದು ನಿರಾಕರಿಸಿದ ಮೇಲೆ ಅಥವಾ ಒಂದು ತಿಂಗಳು ಉತ್ತರಿಸದಿದ್ದ ಮೇಲೆ ಒಂದು ವರ್ಷದೊಳಗೆ ಹೋಗಬೇಕು. ಅಲ್ಲಿನ ತೀರ್ಪಿಗೆ ಕಂಪನಿ ಬದ್ಧ.

ಮಗಳು ಆ 5,200ಕ್ಕೆ ದೂರು ಸಿದ್ಧಪಡಿಸಿದ್ದಾಳೆ. ಹೊಸದಾಗಿ ಹೆಚ್ಚೇನೂ ಬರೆಯಬೇಕಾಗಲಿಲ್ಲ: ಅದೇ ಇಮೇಲ್, ಅದೇ ಲಗತ್ತುಗಳು, ಕಂಪನಿಯ ಉತ್ತರ, ಮತ್ತು ಉತ್ತರ ಸಿಗದ ಆ ಒಂದು ಪ್ರಶ್ನೆಯ ಕೆಳಗೆ ಎಳೆದ ಗೆರೆ.