ರಾತ್ರಿ ಪಾಳಿಯ ಲೆಕ್ಕ

ಕಾವಲುಗಾರರೊಬ್ಬರು ರಾತ್ರಿ 10ಕ್ಕೆ ಬಂದು ಬೆಳಿಗ್ಗೆ 6:30ಕ್ಕೆ ಹೊರಡುತ್ತಾರೆ. A2ರಲ್ಲಿ 22:00, B2ರಲ್ಲಿ 6:30 ಬರೆದು ಕಳೆದರೆ ಎಕ್ಸೆಲ್ ಬರೀ #### ತೋರಿಸುತ್ತದೆ. ಕಾಲಂ ಅಗಲ ಮಾಡಿದರೂ ಅದು ಹೋಗದಿದ್ದರೆ ಉತ್ತರ ಮೈನಸ್ ಆಗಿದೆಯೆಂದೇ ಅರ್ಥ. ಎಕ್ಸೆಲ್‌ಗೆ ಒಂದು ದಿನವೆಂದರೆ 1, ಗಂಟೆಗಳೆಲ್ಲ ಅದರ ಭಾಗಗಳು. ತಾರೀಖು ಹೇಳದಿದ್ದರೆ ಆ 6:30 ಮರುದಿನದ್ದೆಂದು ಅದಕ್ಕೆ ತಿಳಿಯದು. C2ರಲ್ಲಿ ಹೀಗೆ ಬರೆಯಿರಿ:

```
=MOD(B2-A2,1)
```

ಉತ್ತರ ಮೈನಸ್ ಆದಾಗ MOD ಒಂದು ದಿನ ಸೇರಿಸಿ 8:30 ಕೊಡುತ್ತದೆ. ಪಾಳಿ 24 ಗಂಟೆ ಮುಟ್ಟಿದರೆ ಮಾತ್ರ ಇದು ಸಾಲದು. ಆಗ ತಾರೀಖನ್ನೂ ಸೇರಿಸಿ ಬರೆದು, ನೇರವಾಗಿ ಕಳೆಯಬೇಕು.

ಇಂಥ ಆರು ರಾತ್ರಿ ಕೂಡಿದರೆ 51 ಗಂಟೆ. ಆದರೆ h:mm ಫಾರ್ಮ್ಯಾಟ್ ಎರಡು ಪೂರ್ತಿ ದಿನಗಳನ್ನು ಬಿಟ್ಟು 3:00 ಎನ್ನುತ್ತದೆ. Ctrl+1 ಒತ್ತಿ, Custom ಆರಿಸಿ, ಚೌಕ ಆವರಣ ಹಾಕಿ [h]:mm ಎಂದು ಟೈಪ್ ಮಾಡಿ. 51:00 ಕಾಣುತ್ತದೆ.

ಕೂಲಿಯ ಲೆಕ್ಕದಲ್ಲೇ ನನಗೆ ಹೆಚ್ಚು ಭಯ. ಗಂಟೆಗೆ 100 ರೂಪಾಯಿಯೆಂದು ಮೊತ್ತವನ್ನು ಬರೀ 100ರಿಂದ ಗುಣಿಸಿದರೆ ಬರುವುದು 212.50. ದಿನವನ್ನು ಗಂಟೆಯಾಗಿಸಲು 24 ಬೇಕು:

```
=SUM(C2:C7)*24*100
```

ಆ ಸೆಲ್‌ನ ಫಾರ್ಮ್ಯಾಟ್ Number ಮಾಡಿ. ಆಗ ದುಡಿದವರಿಗೆ ಸಲ್ಲಬೇಕಾದ 5,100 ರೂಪಾಯಿ ಸರಿಯಾಗಿ ಕಾಣುತ್ತದೆ.