ಆ ಅಂಕಿ ಹುಟ್ಟಿದ್ದೆಲ್ಲಿ?

ಶಾಲೆ ಪ್ರಾಜೆಕ್ಟಿಗೆ ಅಕ್ಕನ ಮಗಳು ಕರ್ನಾಟಕದ ಜನಸಂಖ್ಯೆ ಹುಡುಕಿದಳು. ಮೊದಲು ಸಿಕ್ಕ ತಾಣದಲ್ಲಿ 6,11,30,704 ಅಂತಿತ್ತು, ಇನ್ನೊಂದರಲ್ಲಿ 6,10,95,297. ಎರಡರಲ್ಲೂ ‘2011ರ ಜನಗಣತಿ’ ಅಂತಲೇ ಇತ್ತು.

“ಮಾಮ, ಯಾವುದು ಸುಳ್ಳು?”

ಎರಡೂ ಅಲ್ಲ. ಮೊದಲನೆಯದು 2011ರಲ್ಲೇ ಬಂದ ತಾತ್ಕಾಲಿಕ ಲೆಕ್ಕ, ಎರಡನೆಯದು ಆಮೇಲೆ ಬಂದ ಅಂತಿಮ ಲೆಕ್ಕ. ನಕಲು ಮಾಡಿದ ತಾಣ ‘ತಾತ್ಕಾಲಿಕ’ ಅನ್ನೋ ಪದ ಬಿಟ್ಟಿದೆ, ಅಷ್ಟೇ.

ಅವಳಿಗೆ ನಾನು ಹೇಳಿದ್ದು: ಹತ್ತು ತಾಣ ಒಂದೇ ಅಂಕಿ ಕೊಟ್ಟರೆ ಅದು ಹತ್ತು ಸಾಕ್ಷಿಯಲ್ಲ, ಒಂದರದೇ ನಕಲಿರಬಹುದು. ಎಣಿಸಿದವರು ಯಾರು ನೋಡು. ಜನಗಣತಿ ಕಚೇರಿಯ ಕೋಷ್ಟಕಕ್ಕೇ ಹೋಗು. ಯಾವ ವರ್ಷದ್ದು, ತಾತ್ಕಾಲಿಕವೋ ಅಂತಿಮವೋ ಓದು. ‘2024ರ ಜನಸಂಖ್ಯೆ’ ಅಂತ ಕಂಡರೆ ಅದು ಎಣಿಕೆಯಲ್ಲ, ಅಂದಾಜು. 2021ರಲ್ಲಿ ಗಣತಿ ನಡೆಯಲೇ ಇಲ್ಲ. ಅಂದಾಜನ್ನು ಬಳಸಬಹುದು, ಆದರೆ ಅಂದಾಜು ಎಂದೇ ಬರೆಯಬೇಕು.